ಭರಮಸಾಗರ ವಿಭಾಗದ ಕ್ಷೇತ್ರ ತಂಡಗಳಿಗೆ ಟವರ್ ಆ್ಯಂಟೆನಾ ಅಳವಡಿಕೆ ಕೈಪಿಡಿ

ಅನುವಾದದ ಬಗ್ಗೆ ಮೊದಲು ತಿಳಿದಿರಬೇಕಾದದ್ದು

ಚಿತ್ರದುರ್ಗ ಮತ್ತು ದಾವಣಗೆರೆ ನಡುವಿನ ಟವರ್‌ಗಳಲ್ಲಿ ಕೆಲಸ ಮಾಡುವ ತಂಡಗಳಿಗಾಗಿ ಇಂಗ್ಲಿಷ್ ಮೂಲದಿಂದ ಈ ಕೈಪಿಡಿಯನ್ನು ಸಿದ್ಧಪಡಿಸಲಾಗಿದೆ. ಓದಿದ ಕೂಡಲೇ ಕೈ ಸರಿಯಾದ ಬೋಲ್ಟಿನ ಮೇಲೆ ಹೋಗುವಂತಿರಬೇಕು ಎಂಬುದನ್ನೇ ಪದಗಳ ಆಯ್ಕೆಗೆ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ. ಹಿಂದೆ ನಾನು ತಂಡದೊಂದಿಗೆ ಹೋಗಿದ್ದ ಒಂದು ಸೈಟಿನಲ್ಲಿ, ಕೇಬಲ್‌ನ ಅರ್ಥಿಂಗ್ ಕಿಟ್ಟನ್ನು ಗ್ರೌಂಡ್ ಮಾಡಬೇಕೆಂಬ ಮೂಲದ ಸೂಚನೆಯನ್ನು ಯಾರೋ ‘ಕಿಟ್ಟನ್ನು ನೆಲಕ್ಕೆ ಇರಿಸಿ’ ಎಂದು ಕನ್ನಡಿಸಿದ್ದರು. ಹುಡುಗರು ಓದಿದ್ದನ್ನೇ ಮಾಡಿದ್ದರು: ಹೊಸ ತಾಮ್ರದ ಪಟ್ಟಿಯೂ ಲಗ್ಗೂ ಪ್ಲಾಸ್ಟಿಕ್ ಚೀಲ ಬಿಚ್ಚದೆಯೇ ಟವರ್‌ನ ಕಾಲಿನ ಪಕ್ಕ ಜಲ್ಲಿಯ ಮೇಲೆ ಬಿದ್ದಿದ್ದವು, ಕೇಬಲ್ ಯಾವ ಸಂಪರ್ಕವೂ ಇಲ್ಲದೆ ಮಳೆಗಾಲವೊಂದನ್ನು ಕಳೆದಿತ್ತು. ಆದ್ದರಿಂದ ಈ ಕೈಪಿಡಿಯಲ್ಲಿ ‘ನೆಲ’ ಎಂದರೆ ಕಾಲಡಿಯ ನೆಲ ಮಾತ್ರ. ವಿದ್ಯುತ್ತು ಭೂಮಿಗೆ ಹರಿಯುವಂತೆ ಜೋಡಿಸುವುದಕ್ಕೆ ನೀವು ದಿನವೂ ಹೇಳುವ ‘ಅರ್ಥಿಂಗ್’ ಎಂಬ ಮಾತನ್ನೇ ಎಲ್ಲೆಡೆ ಬಳಸಿದೆ.

‘ಗೇನ್’ ಎಂಬುದನ್ನೂ ಹಾಗೆಯೇ ಉಳಿಸಿದ್ದೇನೆ. ‘ಲಾಭ’ ಎಂದರೆ ವ್ಯಾಪಾರದ ಅರ್ಥ ಬರುತ್ತದೆ, ‘ಶಕ್ತಿವೃದ್ಧಿ’ ಎಂದರೆ ತಪ್ಪೇ ಆಗುತ್ತದೆ.

ಗೇನ್ ಮತ್ತು ನಷ್ಟ

ಆ್ಯಂಟೆನಾ ತಾನಾಗಿ ಯಾವ ಶಕ್ತಿಯನ್ನೂ ಹುಟ್ಟಿಸುವುದಿಲ್ಲ. ಅಡಿಕೆ ತೋಟದಲ್ಲಿ ಪೈಪಿನ ಬಾಯನ್ನು ಬೆರಳಿನಿಂದ ಒತ್ತಿ ಹಿಡಿದಾಗ ಅದೇ ನೀರು ಒಂದೇ ದಿಕ್ಕಿಗೆ ದೂರ ಚಿಮ್ಮುವಂತೆ, ಆ್ಯಂಟೆನಾ ತನಗೆ ಬಂದ ಸಿಗ್ನಲ್ಲನ್ನು ಒಂದು ದಿಕ್ಕಿಗೆ ಒಗ್ಗೂಡಿಸಿ ಕಳಿಸುತ್ತದೆ. ಹೀಗೆ ಒಗ್ಗೂಡಿಸುವಿಕೆಯ ಅಳತೆಯೇ ಗೇನ್. ಗೇನ್ ಹೆಚ್ಚಿದಷ್ಟೂ ಕಿರಣ ಕಿರಿದಾಗುತ್ತದೆ, ಆದ್ದರಿಂದ ದಿಕ್ಕು ಮತ್ತು ಬಾಗುವಿಕೆಯಲ್ಲಿ ಆಗುವ ಸಣ್ಣ ತಪ್ಪೂ ದೊಡ್ಡದಾಗುತ್ತದೆ.

ಲೇಬಲ್ಲಿನ ಮೇಲೆ dBi ಅಥವಾ dBd ಎಂದು ಬರೆದಿರುತ್ತದೆ. ಎರಡೂ ಒಂದೇ ಅಲ್ಲ, ಎರಡನೆಯದಕ್ಕೆ 2.15 ಕೂಡಿಸಿದರೆ ಮೊದಲನೆಯದು ಸಿಗುತ್ತದೆ. 15 dBd ಎಂದಿರುವ ಪ್ಯಾನಲ್ 17.15 dBi ಪ್ಯಾನಲ್ಲಿಗೆ ಸಮ, ಹಾಗಾಗಿ ಬದಲಿ ಪ್ಯಾನಲ್ ಬಂದಾಗ ಅಂಕಿಯೊಂದನ್ನೇ ನೋಡಿ ವಾಪಸ್ ಕಳಿಸಬೇಡಿ.

ಲೆಕ್ಕ ಸುಲಭ: ರೇಡಿಯೊದಿಂದ ಹೊರಟದ್ದರಲ್ಲಿ ದಾರಿಯ ನಷ್ಟ ಕಳೆದು ಗೇನ್ ಕೂಡಿಸಬೇಕು. ರೇಡಿಯೊ 40 ವ್ಯಾಟ್, ಅಂದರೆ 46 dBm ಕೊಡುತ್ತಿದ್ದು, ಜಂಪರ್ ಕೇಬಲ್ ಮತ್ತು ಕನೆಕ್ಟರ್‌ಗಳಲ್ಲಿ 1 dB ಹೋಗಿ, ಆ್ಯಂಟೆನಾದ ಗೇನ್ 17 dBi ಇದ್ದರೆ,

```
46 - 1 + 17 = 62 dBm
```

ಒಂದು ಕನೆಕ್ಟರ್‌ನೊಳಗೆ ನೀರು ಹೋಗಿ ಇನ್ನೂ 3 dB ನಷ್ಟವಾದರೆ ಇದು 59ಕ್ಕೆ ಇಳಿಯುತ್ತದೆ. ಅಂಕಿಯಲ್ಲಿ ಬರೀ ಮೂರು ಕಡಿಮೆಯೆನಿಸಿದರೂ ಸಿಗ್ನಲ್‌ನ ಅರ್ಧ ಶಕ್ತಿಯೇ ಹೋದಂತೆ.

ಏರಿಸುವುದು, ದಿಕ್ಕು, ಬಾಗು

ಮೇಲೆ ಹೋಗುವ ಮುನ್ನ ಆ ಸೆಕ್ಟರಿನ ರೇಡಿಯೊ ಆಫ್ ಆಗಿದೆಯೆಂದು ಕಂಟ್ರೋಲ್ ರೂಮಿನಿಂದ ಖಚಿತಪಡಿಸಿಕೊಳ್ಳಬೇಕು. ಚಾಲನೆಯಲ್ಲಿರುವ ಪ್ಯಾನಲ್ಲಿನ ಮುಂದೆ ಯಾರೂ ನಿಲ್ಲಬಾರದು. ಗುಡುಗು ಕೇಳಿಸಿದರೆ ಕೆಲಸ ಅರ್ಧಕ್ಕೇ ನಿಂತರೂ ಇಳಿಯಬೇಕು. ಗುಡ್ಡದ ಮೇಲಿನ ಸೈಟುಗಳಲ್ಲಿ ಗಾಳಿಗೆ ಪ್ಯಾನಲ್ ಹಾಯಿಯಂತೆ ತಿರುಗುತ್ತದೆ, ಆದ್ದರಿಂದ ಎತ್ತುವ ಹಗ್ಗದ ಜೊತೆಗೆ ಕೆಳಗಿನಿಂದ ಎಳೆದು ಹಿಡಿಯುವ ಇನ್ನೊಂದು ಹಗ್ಗ ಕಡ್ಡಾಯ.

ದಿಕ್ಕನ್ನು ಉತ್ತರದಿಂದ ಬಲಕ್ಕೆ ಡಿಗ್ರಿಗಳಲ್ಲಿ ಎಣಿಸಲಾಗುತ್ತದೆ. ಉಕ್ಕಿನ ಪಕ್ಕದಲ್ಲಿ ದಿಕ್ಸೂಚಿ ಸುಳ್ಳು ಹೇಳುವುದರಿಂದ, ಟವರ್‌ನಿಂದ ದೂರ ನೆಲದ ಮೇಲೆ ನಿಂತು, ಗೊತ್ತಿರುವ ಗುರುತೊಂದನ್ನು ನೋಡಿಕೊಂಡು ಮೇಲಿನವರಿಗೆ ಹೇಳಬೇಕು.

ಬಾಗುವಿಕೆ ಎರಡು ಬಗೆ: ಬ್ರಾಕೆಟ್ಟಿನಲ್ಲಿ ನೀವು ಕೊಡುವುದು ಒಂದು, ಪ್ಯಾನಲ್ಲಿನ ಒಳಗೇ ಹೊಂದಿಸುವುದು ಇನ್ನೊಂದು, ಎರಡನ್ನೂ ಕೂಡಿಸಿದ್ದೇ ಒಟ್ಟು ಬಾಗು. ಸಮತಟ್ಟಾದ ಜಾಗದಲ್ಲಿ 40 ಮೀಟರ್ ಎತ್ತರದ ಪ್ಯಾನಲ್ಲಿಗೆ 4 ಡಿಗ್ರಿ ಕೊಟ್ಟರೆ ಕಿರಣದ ನಡುಭಾಗ ಸುಮಾರು 570 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ, 2 ಡಿಗ್ರಿ ಕೊಟ್ಟರೆ ಸುಮಾರು 1,145 ಮೀಟರ್ ದೂರದಲ್ಲಿ. ಬ್ರಾಕೆಟ್ಟಿನ ಒಂದು ಗೆರೆ ತಪ್ಪಿದರೂ ಊರಿನ ಒಂದು ಕೇರಿಯ ಸಿಗ್ನಲ್ ಕುಂದಬಹುದು ಎಂಬುದನ್ನು ನೆನಪಿಟ್ಟು, ಕೋನಮಾಪಕವನ್ನು ಪ್ಯಾನಲ್ಲಿನ ಬೆನ್ನಿಗೆ ಇಟ್ಟು ಎರಡು ಸಲ ಓದಬೇಕು.

ಕನೆಕ್ಟರ್

7/16 ಬಗೆಯ ಕನೆಕ್ಟರನ್ನು ಟಾರ್ಕ್ ರೆಂಚಿನಿಂದ 25 ನ್ಯೂಟನ್ ಮೀಟರ್‌ವರೆಗೆ, 4.3-10 ಬಗೆಯದನ್ನು 5 ನ್ಯೂಟನ್ ಮೀಟರ್‌ವರೆಗೆ ಬಿಗಿಯಬೇಕು. ಕೇಬಲ್ಲಿನ ಬದಿ ತಿರುಗದಂತೆ ಹಿಡಿದು ನಟ್ಟನ್ನು ಮಾತ್ರ ತಿರುಗಿಸಬೇಕು. ಕೈಯಂದಾಜಿನ ಬಿಗಿ ಇಲ್ಲಿ ಸಲ್ಲದು. ಟೇಪಿನ ಕೊನೆಯ ಸುತ್ತನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿದರೆ, ಮನೆಯ ಹೆಂಚಿನಂತೆ ಮೇಲಿನ ಪದರ ಕೆಳಗಿನದರ ಮೇಲೆ ಕೂತು ನೀರು ಹೊರಗೇ ಜಾರುತ್ತದೆ. ನಂತರ ಮೀಟರ್ ಜೋಡಿಸಿದಾಗ ಪರದೆಯ ಮೇಲಿನ VSWR ಅಂಕಿ 1.5ಕ್ಕಿಂತ ಕಡಿಮೆ ಇರಬೇಕು; 1.5 ಎಂದರೆ ಕಳಿಸಿದ ಶಕ್ತಿಯಲ್ಲಿ ಶೇ. 4 ಹಿಂದಕ್ಕೆ ಬರುತ್ತಿದೆ ಎಂದರ್ಥ.

ಅರ್ಥಿಂಗ್

ಫೀಡರ್ ಕೇಬಲ್ ಇರುವಲ್ಲಿ ಮೂರು ಕಡೆ ಅರ್ಥಿಂಗ್ ಕಿಟ್ ಬೇಕು: ಆ್ಯಂಟೆನಾದ ಹತ್ತಿರ ಕೇಬಲ್ ಇಳಿಯಲು ಶುರುವಾಗುವಲ್ಲಿ, ಟವರ್‌ನ ಬುಡದಲ್ಲಿ ಕೇಬಲ್ ಅಡ್ಡಕ್ಕೆ ತಿರುಗುವ ಮುನ್ನ, ಮತ್ತು ಕೋಣೆಯೊಳಗೆ ಹೋಗುವ ಮುನ್ನ. ಕಿಟ್ಟಿನಿಂದ ಹೊರಟ ತಂತಿ ಯಾವಾಗಲೂ ಕೆಳಮುಖವಾಗಿ, ಗಿಡ್ಡದಾಗಿ, ನೇರವಾಗಿ ಹೋಗಬೇಕು. ಸಿಡಿಲಿನ ವಿದ್ಯುತ್ತು ಕ್ಷಣಮಾತ್ರದಲ್ಲಿ ಏರುವುದರಿಂದ ಚೂಪಾದ ತಿರುವು ಮತ್ತು ಸುತ್ತಿಟ್ಟ ತಂತಿ ಅದನ್ನು ತಡೆಯುತ್ತವೆ, ತಡೆದಾಗ ಅದು ಪಕ್ಕದ ಲೋಹಕ್ಕೆ ಹಾರುತ್ತದೆ. ಉಳಿದ ತಂತಿಯನ್ನು ಸುರುಳಿ ಮಾಡಿ ಕಟ್ಟಿಡುವ ಅಭ್ಯಾಸವನ್ನು ದಯವಿಟ್ಟು ಬಿಡಿ, ಕತ್ತರಿಸಿ. ಲಗ್ ಕೂರುವ ಜಾಗದ ಬಣ್ಣವನ್ನು ಲೋಹ ಹೊಳೆಯುವವರೆಗೆ ಕೆರೆದು, ಬಿಗಿದ ಮೇಲೆ ತುಕ್ಕು ತಡೆಯುವ ಲೇಪ ಹಚ್ಚಬೇಕು.

ಆ್ಯಂಟೆನಾಕ್ಕೆ ಬೇರೆ, ವಿದ್ಯುತ್ ಬೋರ್ಡಿಗೆ ಬೇರೆ ಅರ್ಥಿಂಗ್ ಇದ್ದರೆ ಒಳ್ಳೆಯದೆಂದು ಹಲವರು ನಂಬಿದ್ದಾರೆ. ಅದು ಅಪಾಯಕಾರಿ ನಂಬಿಕೆ. ಸಿಡಿಲು ಬಡಿದಾಗ ಎರಡರ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಹುಟ್ಟಿ ಉಪಕರಣ ಸುಡುತ್ತದೆ, ನಡುವೆ ಕೈಯಿಟ್ಟವರ ಜೀವಕ್ಕೂ ಅಪಾಯ. ಸಿಡಿಲು ಸರಳಿನಿಂದ ಇಳಿದ ಪಟ್ಟಿ, ಟವರ್‌ನ ಕಾಲುಗಳು, ಬಸ್‌ಬಾರ್ ಮತ್ತು ಬೇಲಿ ಎಲ್ಲವೂ ಒಂದೇ ಉಂಗುರಕ್ಕೆ ಸೇರಬೇಕು. ರೇಡಿಯೊ ಉಪಕರಣಕ್ಕೆ ಬರುವ −48 ವೋಲ್ಟ್ ಪೂರೈಕೆಯಲ್ಲಿ ಧನ ತುದಿಯೇ ಅರ್ಥಿಂಗ್‌ಗೆ ಸೇರಿರುತ್ತದೆ. ವಾಹನದ ಬ್ಯಾಟರಿಯ ರೂಢಿಯಲ್ಲಿ ಅದನ್ನು ಅದಲುಬದಲು ಮಾಡಬೇಡಿ.

ನಮ್ಮ ಸೈಟುಗಳಿಗೆ 1 ಓಮ್‌ಗಿಂತ ಕಡಿಮೆ ರೋಧ ನಿಗದಿಯಾಗಿದೆ. ಎರೆ ನೆಲದಲ್ಲಿ ಇದು ಬೇಗ ಸಿಗುತ್ತದೆ, ಆದರೆ ಬೇಸಿಗೆಯಲ್ಲಿ ಎರೆ ಬಿರಿದು ರಾಡಿನಿಂದ ಬಿಡಿಸಿಕೊಳ್ಳುವುದರಿಂದ ಮಳೆಯ ಮರುದಿನದ ಅಳತೆಯೊಂದನ್ನೇ ನಂಬಬಾರದು. ಚಿತ್ರದುರ್ಗದ ಬದಿಯ ಬಂಡೆ ನೆಲದಲ್ಲಿ ರಾಡ್ ಆಳಕ್ಕೆ ಇಳಿಯದಿದ್ದರೆ ಅದನ್ನು ಕತ್ತರಿಸಿ ಮುಚ್ಚಿಡುವುದು ಮೋಸ. ಮಣ್ಣು ಇರುವ ಕಡೆಗೆ ಅಡ್ಡ ಕಾಲುವೆ ತೋಡಿ ಉದ್ದನೆಯ ಪಟ್ಟಿ ಹೂಳಬೇಕು.

ಅಳೆಯುವಾಗ ಹೊರಗಿನ ಮೊಳೆಯನ್ನು 50 ಮೀಟರ್ ದೂರದಲ್ಲಿ, ನಡುವಿನದನ್ನು 31 ಮೀಟರ್‌ನಲ್ಲಿ ಹೊಡೆದು ಓದಬೇಕು, ಆಮೇಲೆ ನಡುವಿನದನ್ನು 28ಕ್ಕೂ 34ಕ್ಕೂ ಸರಿಸಿ ಓದಬೇಕು. ಮೂರೂ ಹತ್ತಿರ ಹತ್ತಿರ ಬಂದರೆ ಅಳತೆ ಸರಿ. ಬರದಿದ್ದರೆ ಹೊರಗಿನ ಮೊಳೆಯನ್ನು ಇನ್ನೂ ದೂರ ಒಯ್ಯಬೇಕು. ಮೂರು ಓದುಗಳನ್ನೂ, ಆ ದಿನ ಮಣ್ಣು ಒಣಗಿತ್ತೋ ತೇವವಿತ್ತೋ ಎಂಬುದನ್ನೂ, ಲಗ್ಗುಗಳ ಫೋಟೊ ಸಹಿತ ಸೈಟ್ ರಿಜಿಸ್ಟರಿನಲ್ಲಿ ತಂಡದ ಮೇಸ್ತ್ರಿಯೇ ಬರೆದು ಸಹಿ ಮಾಡಬೇಕು.