ಡಾಕ್ಟರೇಟ್ ನಂತರದ ಫೆಲೋಶಿಪ್‌ಗೆ ಸಂಶೋಧನಾ ನಿವೇದನೆ: ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ದೇವರ ಮರಗಳು, ತೋಪುಗಳು ಮತ್ತು ಪರಿಸರ ನಂಬಿಕೆ

ದೇವರಕಾಡು ಎಂದೊಡನೆ ನಮಗೆ ನೆನಪಾಗುವುದು ಕೊಡಗು. ಅಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳು ದಾಖಲೆಯಲ್ಲಿವೆ. 1970ರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತು ವಿ.ಡಿ. ವರ್ತಕ್ ಅವರು ಪಶ್ಚಿಮಘಟ್ಟದ ದೇವರ ಬನಗಳ ಬಗ್ಗೆ ಬರೆದ ಮೇಲೆ ವಿದ್ವಾಂಸರ ಗಮನ ಹೆಚ್ಚಾಗಿ ಮಲೆನಾಡಿನ ಕಡೆಗೇ ಹರಿದಿದೆ. ತೊಗರಿ, ಜೋಳ ಬೆಳೆಯುವ ಕಲ್ಯಾಣ ಕರ್ನಾಟಕದ ಬಯಲಿನಲ್ಲಿ ಅಂಥ ದಟ್ಟ ಕಾಡಿಲ್ಲ ನಿಜ. ಆದರೆ ಹೊಲದ ಬದುವಿನ ಬನ್ನಿ, ಲಕ್ಕಮ್ಮನ ಗುಡಿಯ ಬೇವು, ದರ್ಗಾದ ಸುತ್ತಲಿನ ಹುಣಸೆ ತೋಪು, ಹಳ್ಳದ ದಂಡೆಯ ಅತ್ತಿಮರ ಇವೆ. ಇವು ಗುಂಟೆ ಲೆಕ್ಕದ ಜಾಗಗಳು. 30 ಮೀಟರ್ ಅಳತೆಯ ಉಪಗ್ರಹ ಚಿತ್ರದಲ್ಲಿ ಇಡೀ ಒಂದು ತೋಪು ನಾಲ್ಕಾರು ಚುಕ್ಕೆಗಳಲ್ಲಿ ಮುಗಿದುಹೋಗುತ್ತದೆ. ಚಿಕ್ಕದು ಎಂಬ ಕಾರಣಕ್ಕೇ ಇವು ಅರಣ್ಯದ ಲೆಕ್ಕಕ್ಕೂ ಸಂಶೋಧನೆಯ ಲೆಕ್ಕಕ್ಕೂ ಬಂದಿಲ್ಲ ಎಂಬುದು ನನ್ನ ತಕರಾರು.

ನನ್ನ ಪ್ರಶ್ನೆ ಇದು: ನಂಬಿಕೆ ಕಾಯುತ್ತಿರುವುದು ಮರವನ್ನೋ, ದೇವರನ್ನೋ? ಇವೆರಡೂ ಒಂದೇ ಎಂದು ನಮ್ಮ ಬರಹಗಳು ಬೇಗನೆ ಒಪ್ಪಿಬಿಡುತ್ತವೆ. ಗ್ರಾಮದೇವತೆಗಳ ಕುರಿತ ಪಿಎಚ್‌.ಡಿ. ಅಧ್ಯಯನಕ್ಕಾಗಿ ಚಿಂಚೋಳಿ ಮತ್ತು ಸುರಪುರ ತಾಲ್ಲೂಕುಗಳಲ್ಲಿ ತಿರುಗಾಡಿದಾಗ ನನಗೆ ಬೇರೆಯದೇ ಚಿತ್ರ ಕಂಡಿತು. ಚಿಂಚೋಳಿ ಕಡೆಯ ಒಂದು ಹಳ್ಳಿಯಲ್ಲಿ ದೇವಿ ಮೊದಲು ಬೇವಿನ ಬುಡದ ಗುಂಡುಕಲ್ಲಾಗಿದ್ದಳು. ಭಕ್ತರ ವಂತಿಗೆಯಿಂದ ಕಟ್ಟೆ ಬಂತು, ಮೇಲೆ ತಗಡು ಬಂತು, ಆಮೇಲೆ ಸಿಮೆಂಟಿನ ಗುಡಿ ಎದ್ದಿತು. ಬುಡದ ಸುತ್ತ ಒಂದು ಗೇಣು ಮಣ್ಣೂ ಬಿಡದೆ ಟೈಲ್ಸ್ ಹಾಕಿದ್ದಾರೆ. ಮರದ ಅರ್ಧ ಒಣಗಿದೆ. ಒಣಗಿದ ಕೊಂಬೆಗೂ ಅರಿಸಿನ ಕುಂಕುಮ ತಪ್ಪಿಲ್ಲ. ಭಕ್ತಿ ಒಂದಿಷ್ಟೂ ಕುಂದಿಲ್ಲ, ಅದು ಮರದಿಂದ ಕಟ್ಟಡಕ್ಕೆ ಸರಿದಿದೆ ಅಷ್ಟೆ. ಈ ಸರಿಯುವಿಕೆ ಯಾವಾಗ, ಯಾರ ಹಣದಿಂದ, ಯಾವ ಒತ್ತಡದಲ್ಲಿ ಆಗುತ್ತದೆ ಎಂಬುದನ್ನು ಈ ಯೋಜನೆ ಬೆನ್ನುಹತ್ತುತ್ತದೆ.

ಬನ್ನಿಯ ವಿಷಯ ಇನ್ನೂ ಜಟಿಲ. ಎಳ್ಳ ಅಮಾವಾಸ್ಯೆಯ ದಿನ ಹೊಲದ ಬನ್ನಿಯ ಕೆಳಗೆ ಪಾಂಡವರ ಕಲ್ಲುಗಳನ್ನಿಟ್ಟು, ಪೂಜೆ ಮಾಡಿ, ಚರಗ ಚೆಲ್ಲುವ ರೈತರು ಆ ಮರಕ್ಕೆ ಕೊಡಲಿ ಹಾಕುವುದಿಲ್ಲ. ಅದೇ ಬನ್ನಿಯ ಕೊಂಬೆಗಳು ದಸರೆಯಲ್ಲಿ ಬಂಗಾರವಾಗಿ ಹಂಚಲು ಕಡಿದು ಪೇಟೆಗೆ ಬರುತ್ತವೆ. ಒಂದೇ ಶ್ರದ್ಧೆ ಒಂದು ಹಬ್ಬದಲ್ಲಿ ಮರವನ್ನು ಕಾಯುತ್ತದೆ, ಇನ್ನೊಂದರಲ್ಲಿ ಬೋಳಿಸುತ್ತದೆ. ಇದನ್ನು ಅಳೆಯದೆ ನಂಬಿಕೆಯೇ ಸಂರಕ್ಷಣೆ ಎನ್ನಲು ನಾನು ಸಿದ್ಧಳಿಲ್ಲ.

ಎರಡು ವರ್ಷಗಳ ಅವಧಿಯಲ್ಲಿ ಮೂರೂ ಜಿಲ್ಲೆಗಳಿಂದ ಒಟ್ಟು ಮೂವತ್ತು ತಾಣಗಳನ್ನು ಆರಿಸಿಕೊಳ್ಳುತ್ತೇನೆ. ಕೆಲವು ಕಟ್ಟಡವಿಲ್ಲದವು, ಕೆಲವು ಗುಡಿ ಎದ್ದವು, ಕೆಲವು ದರ್ಗಾಗಳು. ಪ್ರತಿ ತಾಣಕ್ಕೂ ಹತ್ತಿರದ, ಊರ ದನ ಮೇಯಲು ಬಿಟ್ಟ ಗಾಯರಾಣ ಭೂಮಿಯೊಂದನ್ನು ಹೋಲಿಕೆಗೆ ಇಟ್ಟುಕೊಂಡು ಮರಗಳ ಜಾತಿ, ಎದೆಮಟ್ಟದ ಸುತ್ತಳತೆ, ಸಸಿಗಳ ಸಂಖ್ಯೆ, ಬಳ್ಳಾರಿ ಜಾಲಿ ಎಷ್ಟು ನುಗ್ಗಿದೆ ಎಂಬುದನ್ನು ದಾಖಲಿಸುತ್ತೇನೆ. ನನಗೆ ಮುಖ್ಯವಾದದ್ದು ಸಸಿಗಳು. ದೊಡ್ಡ ಮರ ಹಿಂದಿನ ತಲೆಮಾರುಗಳ ಶ್ರದ್ಧೆಗೆ ಸಾಕ್ಷಿಯಾದರೆ, ಈಗಿನವರ ನಡವಳಿಕೆಗೆ ಸಾಕ್ಷಿ ಹೇಳುವುದು ಸಸಿಯೇ.

ಇತಿಹಾಸದ ಭಾಗಕ್ಕೆ ಕಂದಾಯ ದಾಖಲೆಗಳೇ ಆಧಾರ. ಈ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಹಳೆಯ ಕಾಗದಗಳು ಉರ್ದುವಿನಲ್ಲಿವೆ. 1950ರ ದಶಕದ ಖಾಸ್ರಾ ಪಹಣಿಯಲ್ಲಿ ದೇವರ ಇನಾಮು ಎಂದೋ ಗಾಯರಾಣ ಎಂದೋ ನಮೂದಾದ ಸರ್ವೆ ನಂಬರುಗಳು ಇಂದು ಯಾರ ಹೆಸರಿನಲ್ಲಿವೆ ಎಂಬುದನ್ನು ನೋಡಬೇಕು. ಉರ್ದು ಕೈಬರಹ ಓದಬಲ್ಲೆನಾದ್ದರಿಂದ ಈ ಕೆಲಸಕ್ಕೆ ಇನ್ನೊಬ್ಬರನ್ನು ಅವಲಂಬಿಸಬೇಕಿಲ್ಲ.

ಸಂದರ್ಶನಗಳಲ್ಲಿ ಪೂಜಾರಿ, ಮುಜಾವರರ ಮಾತಿಗೇ ನಿಲ್ಲುವುದಿಲ್ಲ. ದೇವರ ತೋಪಿನಿಂದ ಕಟ್ಟಿಗೆ ತರಬಾರದು ಎಂಬ ಕಟ್ಟಳೆಯ ಭಾರ ಬೀಳುವುದು ಸ್ವಂತ ಹೊಲವಿಲ್ಲದ ಮನೆಯ ಹೆಂಗಸರ ಮೇಲೆ. ತೋಪಿನೊಳಗೆ ಕಾಲಿಡಲೂ ಅನುಮತಿಯಿಲ್ಲದ ದಲಿತ ಕೇರಿಗಳಿವೆ. ಈ ಅಸಮಾನತೆಯನ್ನು ಮರೆಮಾಚಿ ಬರೆದ ಪರಿಸರ ಕಥನ ನನಗೆ ಬೇಡ. ಕುರಿಗಾಹಿಗಳ ತಿಳಿವಳಿಕೆಗೂ ಅಷ್ಟೇ ಜಾಗವಿರುತ್ತದೆ. ಯಾವ ಗಿಡ ಯಾವಾಗ ಕಣ್ಮರೆಯಾಯಿತೆಂಬುದು ಅವರಿಗೆ ಗೊತ್ತಿರುತ್ತದೆ.

ತಾಣಗಳ ನಿಖರ ನಿರ್ದೇಶಾಂಕಗಳನ್ನು ಪ್ರಕಟಿಸುವುದಿಲ್ಲ. ನಿಧಿಗಳ್ಳರು ಹಳೆಯ ದೇವರ ಕಟ್ಟೆಗಳನ್ನೇ ಅಗೆಯುತ್ತಾರೆಂಬುದು ಇಲ್ಲಿ ಎಲ್ಲರೂ ಬಲ್ಲ ವಿಷಯ. ಮಾಹಿತಿಯ ಒಂದು ಪ್ರತಿ ಮೊದಲು ಆಯಾ ಊರಿಗೆ ಸಲ್ಲುತ್ತದೆ.

ಈ ಕೆಲಸಕ್ಕೆ ಈಗ ತುರ್ತೂ ಇದೆ. ರಾಜಸ್ಥಾನದಲ್ಲಿ ಓರಣ ಎಂದು ಕರೆಯುವ ದೇವರ ಬನಗಳ ಬಗ್ಗೆ 2024ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪು, ದೇವರ ಬನಗಳನ್ನು ವಿಸ್ತೀರ್ಣದಿಂದಲ್ಲ, ಅವುಗಳ ಸಾಂಸ್ಕೃತಿಕ ಮತ್ತು ಪರಿಸರ ಮಹತ್ವದಿಂದ ಗುರುತಿಸಬೇಕೆಂದಿತು. ಆ ಮಾನದಂಡ ನಮ್ಮ ಬಯಲಿಗೂ ಬಂದರೆ ತೋರಿಸಲು ಪಟ್ಟಿಯಾದರೂ ಬೇಕು. 2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿ ಮಟ್ಟದಲ್ಲಿ ಸಿದ್ಧವಾಗಬೇಕಾದ ಜನತಾ ಜೀವವೈವಿಧ್ಯ ದಾಖಲೆಗೆ ಸೇರಿಸಬಲ್ಲ ಮೂವತ್ತು ಕನ್ನಡ ವರದಿಗಳನ್ನೂ, ಎರಡು ಸಂಶೋಧನಾ ಲೇಖನಗಳನ್ನೂ, ಒಂದು ಪುಸ್ತಕದ ಹಸ್ತಪ್ರತಿಯನ್ನೂ ಫೆಲೋಶಿಪ್ ಅವಧಿಯೊಳಗೆ ಸಲ್ಲಿಸುತ್ತೇನೆ.