ಲ್ಯಾಪ್‌ಟಾಪ್ ವಿಷಯವಾಗಿ ಅಪ್ಪ ಅಮ್ಮನಿಗೆ ಪತ್ರ

ತುಮಕೂರು
14-9-2025

ತೀರ್ಥರೂಪು ಅಪ್ಪನವರಿಗೂ ಮಾತೃಶ್ರೀ ಅಮ್ಮನವರಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮವಾಗಿದ್ದೇನೆ. ಈ ಸಲದ ರೇಷ್ಮೆಹುಳು ಚೆನ್ನಾಗಿ ಹಣ್ಣಾಗಿ ಚಂದ್ರಿಕೆಗೆ ಹತ್ತಿವೆ ಎಂದು ತಮ್ಮ ಹೇಳಿದ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡಿಗೆ ಒಳ್ಳೆಯ ದರ ಸಿಗಲಿ.

ಹೋದ ಭಾನುವಾರ ಫೋನಿನಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಎಂದ ಕೂಡಲೇ ಅಮ್ಮ, "ಆಟದ ಸಾಮಾನಿಗೆ ಎಪ್ಪತ್ತು ಸಾವಿರವಾ?" ಎಂದು ಕೇಳಿದಿರಿ. ಆಗ ನನಗೆ ಸರಿಯಾಗಿ ಉತ್ತರಿಸಲಾಗಲಿಲ್ಲ.

ಈ ಸೆಮಿಸ್ಟರಿನಲ್ಲಿ ಯಂತ್ರದ ಬಿಡಿಭಾಗಗಳನ್ನು ಸಾಲಿಡ್‌ವರ್ಕ್ಸ್ ಎಂಬ ತಂತ್ರಾಂಶದಲ್ಲಿ ಮೂರು ಆಯಾಮದಲ್ಲಿ ಬರೆದು, ಒಂದಕ್ಕೊಂದು ಜೋಡಿಸಿ, ಎಲ್ಲ ಕಡೆಯಿಂದ ತಿರುಗಿಸಿ ನೋಡಬೇಕು. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿರುವುದು 4 ಜಿಬಿ ರ‍್ಯಾಮ್. ನಲವತ್ತು ಭಾಗಗಳ ಗೇರ್‌ಬಾಕ್ಸನ್ನು ತಿರುಗಿಸಲು ಹೋದರೆ ಪರದೆ ನಿಂತುಬಿಡುತ್ತದೆ, ಎರಡು ಸಲ ಉಳಿಸದ ಕೆಲಸವೂ ಹೋಯಿತು. ಕಾಲೇಜಿನ ಲ್ಯಾಬು ಸಂಜೆ ಐದಕ್ಕೆ ಮುಚ್ಚುವುದರಿಂದ ಉಳಿದದ್ದನ್ನು ಹಾಸ್ಟೆಲಿನಲ್ಲೇ ಮಾಡಬೇಕು.

ನಲವತ್ತೈದು ಸಾವಿರದ ಸಾಧಾರಣ ಲ್ಯಾಪ್‌ಟಾಪ್ ಸಾಲದೇ ಎಂದು ಅಪ್ಪ ಕೇಳುವಿರಿ. ಪಾಠ ಓದಲು, ವರದಿ ಬರೆಯಲು ಅದು ಧಾರಾಳವಾಗಿ ಸಾಕು. ಆದರೆ ಅಂಥವುಗಳಲ್ಲಿ ಚಿತ್ರ ಮೂಡಿಸುವ ಭಾಗಕ್ಕೆ ಸಾಮಾನ್ಯವಾಗಿ ಸ್ವಂತ ಮೆಮೊರಿ ಇರುವುದಿಲ್ಲ, ಉಳಿದ ಕೆಲಸಕ್ಕೆ ಬೇಕಾದ ರ‍್ಯಾಮನ್ನೇ ಅದೂ ಹಂಚಿಕೊಳ್ಳುತ್ತದೆ. ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ತನ್ನದೇ ಮೆಮೊರಿಯುಳ್ಳ ಗ್ರಾಫಿಕ್ಸ್ ಕಾರ್ಡ್ ಬೇರೆಯಾಗಿಯೇ ಇರುತ್ತದೆ, ಗಂಟೆಗಟ್ಟಲೆ ದುಡಿದರೂ ಬಿಸಿಯನ್ನು ಹೊರಹಾಕಲು ದೊಡ್ಡ ಫ್ಯಾನುಗಳಿರುತ್ತವೆ. ಆಟದಲ್ಲಿ ಓಡುವ ಕಾರನ್ನು ಮೂಡಿಸುವುದೂ ನನ್ನ ಗೇರ್‌ಬಾಕ್ಸನ್ನು ತಿರುಗಿಸುವುದೂ ಆ ಕಾರ್ಡಿಗೆ ಹೆಚ್ಚುಕಡಿಮೆ ಒಂದೇ ಬಗೆಯ ಕೆಲಸ. ಮುಂದಿನ ವರ್ಷ ಪ್ರಾಜೆಕ್ಟಿನಲ್ಲಿ ಯಂತ್ರದ ಭಾಗಗಳ ಮೇಲೆ ಬೀಳುವ ಒತ್ತಡದ ಲೆಕ್ಕ ಹಾಕಿಸುವಾಗ ಕಾರ್ಡಿಗಿಂತ ಪ್ರೊಸೆಸರ್ ಮತ್ತು ರ‍್ಯಾಮ್ ಮುಖ್ಯ. ನಾನು ನೋಡಿಟ್ಟಿರುವುದರಲ್ಲಿ 16 ಜಿಬಿ ಇದೆ, ಬೇಕೆನಿಸಿದರೆ ಹೆಚ್ಚಿಸಿಕೊಳ್ಳಲೂಬಹುದು.

ಕೊರತೆಗಳನ್ನು ಮುಚ್ಚಿಡುವುದಿಲ್ಲ. ಅದು ಎರಡು ಕಿಲೋಗಿಂತ ಹೆಚ್ಚು ತೂಕವಿದೆ, ಭಾರಿ ಕೆಲಸದಲ್ಲಿ ಬ್ಯಾಟರಿ ಬೇಗ ಮುಗಿಯುತ್ತದೆ. ನನ್ನ ಮೇಜಿನ ಪಕ್ಕದಲ್ಲೇ ಪ್ಲಗ್ ಇರುವುದರಿಂದ ಇದು ನನಗೆ ದೊಡ್ಡದಲ್ಲ.

ಆಟವನ್ನೂ ಆಡುತ್ತೇನೆ, ಅಮ್ಮ. ಶನಿವಾರ ರಾತ್ರಿ ಗೆಳತಿಯರ ಜೊತೆ ಒಂದೆರಡು ಗಂಟೆ ಆಡಿದರೆ ವಾರದ ದಣಿವು ಇಳಿಯುತ್ತದೆ; ಅದು ನನಗೆ ನಿಜವಾಗಿಯೂ ಬೇಕು. ಪರೀಕ್ಷೆಗೆ ಮೂರು ವಾರ ಇರುವಾಗ ಆಟಗಳನ್ನು ಲ್ಯಾಪ್‌ಟಾಪಿನಿಂದ ತೆಗೆದುಹಾಕುತ್ತೇನೆ.

ಬೆಲೆ 72,000 ರೂಪಾಯಿ. ಎರಡು ವರ್ಷ ಮಕ್ಕಳಿಗೆ ಮನೆಪಾಠ ಹೇಳಿ ಕೂಡಿಟ್ಟ 19,000 ನನ್ನಲ್ಲಿದೆ. ಉಳಿದದ್ದಕ್ಕಾಗಿ ಅಮ್ಮನ ಒಡವೆ ಅಡವಿಡುವುದಾಗಲಿ ಸಾಲ ಮಾಡುವುದಾಗಲಿ ಬೇಡ. ಮುಂದಿನ ಎರಡು ಬೆಳೆಯ ದುಡ್ಡು ಕೈಗೆ ಬಂದು, ಸೊಪ್ಪು, ಕೂಲಿ, ತಮ್ಮನ ಶುಲ್ಕ ಎಲ್ಲ ಕಳೆದು ಮಿಕ್ಕರೆ ಮಾತ್ರ ಕೊಡಿಸಿ. ಅಲ್ಲಿಯವರೆಗೆ ಲ್ಯಾಬಿನಲ್ಲೇ ಹೇಗಾದರೂ ಸಂಭಾಳಿಸುತ್ತೇನೆ.

ಆಯುಧಪೂಜೆಗೆ ಊರಿಗೆ ಬರುವಾಗ ಹಳೆಯ ಲ್ಯಾಪ್‌ಟಾಪನ್ನು ತರುತ್ತೇನೆ. ಗೇರ್‌ಬಾಕ್ಸಿನ ಫೈಲನ್ನು ನಿಮ್ಮೆದುರಿಗೇ ತೆರೆಯುತ್ತೇನೆ, ನೋಡಿ ಹೇಳಿ.

ಇಂತಿ ನಿಮ್ಮ ಪ್ರೀತಿಯ ಮಗಳು