ಔಟ್‌ಬಾಕ್ಸ್‌ನಲ್ಲೇ ಉಳಿದ ಅಸೈನ್‌ಮೆಂಟ್

ನನ್ನ ತಮ್ಮ ಮಲ್ಲು ಬೀದರದಲ್ಲಿ ಬಿ.ಎ. ಓದುತ್ತಾನೆ. ಇತಿಹಾಸದ ಅಸೈನ್‌ಮೆಂಟ್‌ಗೆ ಅವನು ಆರಿಸಿಕೊಂಡದ್ದು ನೌಬಾದಿನ ಸುರಂಗ ಬಾವಿ, ಅಂದರೆ ಕರೇಜ್. ಬಹಮನಿ ಸುಲ್ತಾನರ ಕಾಲದಲ್ಲಿ ನಮ್ಮ ಕೆಂಪು ಜಂಬಿಟ್ಟಿಗೆ ಕಲ್ಲಿನೊಳಗೆ ಸುರಂಗ ಕೊರೆದು, ನೆಲದಡಿಯ ನೀರನ್ನು ಇಳಿಜಾರಿನಲ್ಲೇ ಹರಿಸಿದ್ದಾರೆ. ನಡುನಡುವೆ ಮೇಲಿಂದ ಬಾವಿಯಂಥ ಕಿಂಡಿಗಳು. ಗಾಳಿ, ಬೆಳಕು ಬರೋದು, ಅಗೆದ ಮಣ್ಣು ಹೊರಗೆ ತೆಗೆಯೋದು ಎಲ್ಲಾ ಅವುಗಳಿಂದಲೇ. ಇಂಥ ವಿದ್ಯೆ ಪರ್ಶಿಯಾದಿಂದ ಬಂದದ್ದು. ಮಲ್ಲು ಪುಸ್ತಕ ನೋಡಿ ಬರೆದು ಸುಮ್ಮನಾಗಲಿಲ್ಲ. ಕಿಂಡಿಗಳ ಹತ್ತಿರ ಹೋಗಿ ನಿಂತು ಫೋಟೋ ತೆಗೆದ, ಅಲ್ಲಿನ ಹಿರಿಯರನ್ನು ಮಾತಾಡಿಸಿದ. ಒಳ್ಳೆಯ ಕೆಲಸ ಅದು. ಅಕ್ಕ ಅಂತ ಹೇಳ್ತಿಲ್ಲ, ಓದಿದ್ದೇನೆ.

ಶುಕ್ರವಾರ ಸಂಜೆ 5 ಗಂಟೆಯೊಳಗೆ ಸರ್‌ಗೆ ಮೇಲ್ ಮಾಡಬೇಕಿತ್ತು. ಮಧ್ಯಾಹ್ನದಿಂದ ಕರೆಂಟ್ ಇರಲಿಲ್ಲ. ನಾನು ಕೆಲಸ ಮಾಡುವ ಆನ್‌ಲೈನ್ ಸೆಂಟರ್ ಯುಪಿಎಸ್ ಮೇಲೆ ನಡೆದಿತ್ತು. 4:40ರ ಹೊತ್ತಿಗೆ ಮಲ್ಲು ಫೋನ್ ಹಿಡಿದು ಬಂದ.

"ಅಕ್ಕಾ, ಚಾರ್ಜಿಗೆ ಹಾಕು. ಅಸೈನ್‌ಮೆಂಟ್ ಕಳಿಸೀನಿ."

"ಸೆಂಟ್‌ನಾಗ ಬಂದದ ಏನು, ನೋಡಿದಿ?"

ಅರ್ಜಿ ಹಾಕಲು ಬರುವ ಎಲ್ಲರಿಗೂ ನಾನು ಇದನ್ನೇ ಕೇಳುತ್ತೇನೆ. ಅವನು ಫೋನ್ ತೆರೆದ. ಸೆಂಟ್‌ನಲ್ಲಿ ಏನೂ ಇರಲಿಲ್ಲ. ಔಟ್‌ಬಾಕ್ಸ್‌ನಲ್ಲಿ ಅವನ ಮೇಲ್ ಇತ್ತು, ಪಕ್ಕದಲ್ಲಿ `Queued`. ಅವನ ಮುಖ ಬಿಳಿಚಿಕೊಂಡಿತು.

ಆದದ್ದು ಇಷ್ಟು. ಚಾರ್ಜ್ ಕಡಿಮೆಯಾದಾಗ ಫೋನ್ ತಾನೇ ಬ್ಯಾಟರಿ ಸೇವರ್‌ಗೆ ಹೋಗಿತ್ತು. ಆ ಸ್ಥಿತಿಯಲ್ಲಿ ಹಿಂದೆ ನಡೆಯುವ ಕೆಲಸಗಳನ್ನು ಫೋನ್ ತಡೆಯುತ್ತದೆ. ಇವನು ಕಳಿಸುವ ಬಟನ್ ಒತ್ತಿ ಆ್ಯಪ್ ಮುಚ್ಚಿ ಜೇಬಿಗಿಟ್ಟಿದ್ದ. ಬರೆಯುವ ಪರದೆ ಮಾಯವಾದ ಕೂಡಲೇ ಹೋಯ್ತು ಅನ್ನಿಸುತ್ತದೆ, ಯಾರಿಗಾದ್ರೂ. ಆದರೆ ಔಟ್‌ಬಾಕ್ಸ್‌ನಲ್ಲಿರುವ ಮೇಲ್ ಇನ್ನೂ ನಮ್ಮ ಫೋನಿನಲ್ಲೇ ಇರುತ್ತದೆ. ಸರ್ವರ್‌ಗೆ ಅದು ಇದೆ ಅಂತಲೇ ಗೊತ್ತಿರಲ್ಲ.

ಬ್ಯಾಟರಿ ಸೇವರ್ ತೆಗೆದೆವು. ಆದರೂ ಹೋಗಲಿಲ್ಲ. ಫೋಟೋಗಳೆಲ್ಲ ಸೇರಿ ಫೈಲ್ 18 ಎಂಬಿ. ಕರೆಂಟ್ ಹೋದಾಗ ನಮ್ಮ ಸೆಂಟರ್‌ನ ಇಂಟರ್‌ನೆಟ್ಟೂ ಹೋಗಿತ್ತು, ಮೊಬೈಲ್ ಸಿಗ್ನಲ್ ಒಂದೇ ಕಡ್ಡಿ. ಅರ್ಧ ಹೋಗಿ ಕಡಿದರೆ ಮತ್ತೆ ಮೊದಲಿಂದ ಶುರು.

"ಅಕ್ಕಾ, ಟೈಮ್ ಆಗ್ಲಿಕತ್ತದ!"

"ಅಳಬ್ಯಾಡ. ಕೇಬಲ್ ಕೊಡು."

ಫೈಲನ್ನು ಕಂಪ್ಯೂಟರಿಗೆ ಹಾಕಿಕೊಂಡೆ. ವರ್ಡ್‌ನಲ್ಲಿ ಒಂದು ಫೋಟೋ ಆರಿಸಿ `Compress Pictures` ಒತ್ತಿ, ಎಲ್ಲಾ ಫೋಟೋಗಳನ್ನೂ ಇ-ಮೇಲ್ ಗಾತ್ರಕ್ಕೆ ಇಳಿಸಿದೆ. ಫೈಲ್ 2 ಎಂಬಿಗೆ ಬಂತು. ಔಟ್‌ಬಾಕ್ಸ್‌ನ ಸ್ಕ್ರೀನ್‌ಶಾಟ್ ತೆಗೆದು, ಎರಡೂ ಹೋಗದಿರಲಿ ಅಂತ ಹಳೆಯ ಮೇಲ್ ಅಳಿಸಿದೆವು. ಅಷ್ಟರಲ್ಲಿ ಗಡಿಯಾರ ಐದು ದಾಟಿತ್ತು.

ಮಲ್ಲುಗೆ "4:32ಕ್ಕೇ ಕಳಿಸೀನಿ" ಅಂತಷ್ಟೇ ಬರೆಯುವ ಆಸೆ. ನಾನು ಬೇಡ ಅಂದೆ. ಮೇಲ್ ಯಾವಾಗ ತಲುಪಿತು ಅನ್ನೋದನ್ನು ಆ ಕಡೆಯ ಸರ್ವರ್ ಬರೆದುಕೊಳ್ಳುತ್ತದೆ. ಅದೂ ಅಲ್ಲದೆ, ಇದ್ದದ್ದು ಇದ್ದಹಾಗೆ ಹೇಳೋಕೆ ಭಯ ಯಾಕೆ? ಕೊನೆಗೆ ಹೀಗೆ ಬರೆದ:

"ನಮಸ್ಕಾರ ಸರ್. ಕರೇಜ್ ಬಗ್ಗೆ ನನ್ನ ಅಸೈನ್‌ಮೆಂಟ್ ಲಗತ್ತಿಸಿದ್ದೇನೆ. 4:32ಕ್ಕೆ ಕಳಿಸಲು ಒತ್ತಿದ್ದೆ, ಆದರೆ ಮೇಲ್ ಫೋನಿನ ಔಟ್‌ಬಾಕ್ಸ್‌ನಲ್ಲೇ ಉಳಿಯಿತು. ಅದರ ಸ್ಕ್ರೀನ್‌ಶಾಟ್ ಜೊತೆಗಿದೆ. ನಿಮಗೆ ತಲುಪುವಾಗ ಸಮಯ ಮೀರಿದೆ ಅಂತ ಗೊತ್ತು. ದಯವಿಟ್ಟು ಪರಿಗಣಿಸಿ."

5:06ಕ್ಕೆ ಸೆಂಟ್‌ನಲ್ಲಿ ಕಾಣಿಸಿತು. ಸರ್‌ರಿಂದ ಉತ್ತರವಿಲ್ಲ. ಆ ಮೂರು ರಾತ್ರಿ ಹುಡುಗ ಸರಿಯಾಗಿ ಊಟ ಮಾಡಲಿಲ್ಲ. "ತಲುಪಿದೆ" ಅಂತ ಒಂದೇ ಒಂದು ಪದ ಮರಳಿ ಬಂದರೆ ಮಕ್ಕಳಿಗೆ ಎಷ್ಟು ನೆಮ್ಮದಿ ಅಲ್ವಾ.

ಸೋಮವಾರ ಸರ್ ಅವನನ್ನು ಸ್ಟಾಫ್ ರೂಮಿಗೆ ಕರೆದು ಕೂರಿಸಿದರು. ಕಿಂಡಿಗಳು ಯಾಕೆ, ನೀರು ಪಂಪಿಲ್ಲದೆ ಹೇಗೆ ಹರಿಯುತ್ತದೆ ಅಂತ ಕೇಳಿದರು. ಇವನು ಪೆನ್ನು ತಗೊಂಡು ಚಿತ್ರ ಬರೆದೇ ತೋರಿಸಿದ. ಅಸೈನ್‌ಮೆಂಟ್ ತಗೊಂಡರು, ಆದರೆ ತಡಕ್ಕೆ 2 ಅಂಕ ಕಡಿಮೆ.

"ಔರಾದ್ ಕಡೆ ಹುಡುಗಿ ಒಬ್ಬಾಕಿ, ಊರಾಗ ಸಿಗ್ನಲ್ ಇಲ್ಲಂತ ಬಸ್ ಹತ್ತಿ ಇಲ್ಲಿಗೆ ಬಂದು ಗುರುವಾರನೇ ಕಳಿಸ್ಯಾಳ. ಆಕಿಗೂ ನಿನಗೂ ಒಂದೇ ಮಾಡಿದ್ರ ಹ್ಯಾಂಗ, ನೀನೇ ಹೇಳು" ಅಂದರಂತೆ.

ಮಲ್ಲು ಮನೆಗೆ ಬಂದು ಇದನ್ನು ಹೇಳಿದಾಗ ಅವ್ವ ಸಿಟ್ಟಾದಳು. ನನಗೆ ಸರ್ ಮಾತು ಸರಿ ಅನ್ನಿಸಿತು. ಮಲ್ಲುಗೂ ಅನ್ನಿಸಿತ್ತು.

"ಇನ್ನೊಂದು ಮಾತು ಹೇಳ್ಯಾರಕ್ಕಾ" ಅಂದ. "ಸಣ್ಣ ಮಾಡಿದ ಫೋಟೋದಾಗ ಸುರಂಗದ ಗೋಡಿ ಮ್ಯಾಲಿನ ಉಳಿ ಗುರುತು ಕಾಣವಲ್ದಂತ. ದೊಡ್ಡವೇ ಪೆನ್‌ಡ್ರೈವ್‌ನಾಗ ತರ್ಲಿಕ್ಕೆ ಹೇಳ್ಯಾರ, ಡಿಪಾರ್ಟ್‌ಮೆಂಟಿನಾಗ ಇಡ್ತಾರಂತ."

ಊಟ ಮುಗಿಸಿದವನೇ ನನ್ನ ಪೆನ್‌ಡ್ರೈವ್ ಹುಡುಕಲು ಕೂತ.